ಖಾಲಿ ಓಡಿದರೆ ಸರಿ, ಡಬ್ಬ ಹಿಡಿದರೆ ನಡುಕ: ಮಾಡೆಲ್‌ನಲ್ಲಿ ಇಲ್ಲದ ರೆಸೊನೆನ್ಸ್‌ಗೆ ಗೇನ್ ಎಷ್ಟು ಇಡಬೇಕು?

ಪ್ರಶ್ನೆ: ನಮಸ್ಕಾರ ಸರ್. ಪುಣೆಯ ಭೋಸರಿಯಲ್ಲಿ ಪ್ಯಾಕಿಂಗ್ ಮಷೀನ್ ಮಾಡುವ ಸಣ್ಣ ಕಾರ್ಖಾನೆಯಲ್ಲಿ ನನ್ನದು ಕಂಟ್ರೋಲ್ ಕೆಲಸ. ಬೆಲ್ಟ್ ಮೇಲೆ ಓಡುವ ಒಂದು ಆಕ್ಸಿಸ್ ಇದೆ. ಡ್ರೈವ್‌ಗೆ ಸ್ಪೀಡ್ ಕಮಾಂಡ್ ಕೊಡುತ್ತೇನೆ, ಕ್ಯಾರೇಜ್ ಮೇಲಿರುವ ಲೀನಿಯರ್ ಸ್ಕೇಲ್‌ನಿಂದ ಪೊಸಿಷನ್ ಓದುತ್ತೇನೆ. ಮಾಡೆಲ್ ಬರೀ 1/s. ಸಿಮ್ಯುಲೇಶನ್‌ನಲ್ಲಿ ಗೇನ್ ಎಷ್ಟು ಏರಿಸಿದರೂ ಏನೂ ಆಗಲ್ಲ. ಮಷೀನ್ ಮೇಲೆ ಖಾಲಿ ಇದ್ದರೆ 12ರ ತನಕ ತಡೆಯುತ್ತೆ, 6 ಕೆಜಿ ಡಬ್ಬ ಹಿಡಿದರೆ 10 ದಾಟುತ್ತಲೇ ಗುಂಯ್ ಅನ್ನುತ್ತೆ. 40 ಹರ್ಟ್ಸ್‌ಗೆ ನಾಚ್ ಫಿಲ್ಟರ್ ಹಾಕಿ ಗೇನ್ 20ಕ್ಕೆ ಏರಿಸಿದೆ. ಖಾಲಿ ಚೆನ್ನಾಗಿ ಓಡಿತು, ಡಬ್ಬ ಹಿಡಿದಾಗ ಮತ್ತೆ ನಡುಕ. ಸ್ಮಾಲ್ ಗೇನ್ ಥಿಯರಮ್ ಓದಿದ್ದೇನೆ, ಆದರೆ ಅದನ್ನ ಈ ಮಷೀನ್‌ಗೆ ಹಚ್ಚೋದು ಹೇಗೆ ಗೊತ್ತಾಗ್ತಿಲ್ಲ. ಡ್ರೈವ್ ಆನ್ ಇಟ್ಟು, ಸ್ಪೀಡ್ ಕಮಾಂಡ್ ಸೊನ್ನೆ ಮಾಡಿ, ಕ್ಯಾರೇಜ್‌ಗೆ ತಟ್ಟಿದಾಗಿನ ಸ್ಕೇಲ್ ಲಾಗ್ ಕಳಿಸಿದ್ದೇನೆ. ಖಾಲಿ ಕ್ಯಾರೇಜ್ 12 ಕೆಜಿ.

ಉತ್ತರ: ತಟ್ಟಿ ಲಾಗ್ ತೆಗೆದಿದ್ದು ತುಂಬ ಒಳ್ಳೆಯದಾಯಿತು. ಅಲ್ಲಿಂದಲೇ ಶುರು ಮಾಡೋಣ.

ಖಾಲಿ ಕ್ಯಾರೇಜ್‌ನ ಲಾಗ್‌ನಲ್ಲಿ ಒಂದು ಅಲೆಯಿಂದ ಇನ್ನೊಂದು ಅಲೆಗೆ 25 ಮಿಲಿಸೆಕೆಂಡ್ ಇದೆ. ಅಂದರೆ 40 ಹರ್ಟ್ಸ್. ಡಬ್ಬ ಹಿಡಿದಾಗ ಅದೇ ಅಂತರ 30.6 ಮಿಲಿಸೆಕೆಂಡ್, ಅಂದರೆ 32.7 ಹರ್ಟ್ಸ್. ಇದು ಲೆಕ್ಕಕ್ಕೂ ಸರಿಹೊಂದುತ್ತದೆ. ಮೋಟರ್ ಗಟ್ಟಿಯಾಗಿ ಹಿಡಿದು ನಿಂತಿದೆ, ಬೆಲ್ಟ್ ಸ್ಪ್ರಿಂಗ್ ಥರ, ಕ್ಯಾರೇಜ್ ಅದರ ತುದಿಯ ತೂಕ. ತೂಕ 12ರಿಂದ 18 ಕೆಜಿಗೆ ಏರಿದರೆ ಫ್ರೀಕ್ವೆನ್ಸಿ √(12/18) ಪಟ್ಟು ಇಳಿಯಬೇಕು. 40 × 0.816 = 32.7. ಎರಡು ಲಾಗ್‌ಗಳಲ್ಲೂ ಅಲೆಯ ಎತ್ತರ ಸುಮಾರು ನಾಲ್ಕೂವರೆ ಸುತ್ತಿಗೊಮ್ಮೆ ಅರ್ಧಕ್ಕೆ ಇಳಿಯುತ್ತಿದೆ. ಇದರಿಂದ ಡ್ಯಾಂಪಿಂಗ್ ರೇಶಿಯೋ ಸುಮಾರು 0.025 ಬರುತ್ತದೆ.

ಹಾಗಾಗಿ ನಿಮ್ಮ ನಿಜವಾದ ಪ್ಲಾಂಟ್ ಇದು. ಇಲ್ಲಿ ωr ಅಂದರೆ ರೇಡಿಯನ್ ಪ್ರತಿ ಸೆಕೆಂಡ್‌ನಲ್ಲಿ ರೆಸೊನೆನ್ಸ್ ಫ್ರೀಕ್ವೆನ್ಸಿ, ζ ಅಂದರೆ ಈಗ ಬಂದ ಡ್ಯಾಂಪಿಂಗ್ ರೇಶಿಯೋ:

```
G(s)  = (1/s) · ωr² / (s² + 2ζωr s + ωr²)
G0(s) = 1/s
```

G0 ನಿಮ್ಮ ಮಾಡೆಲ್. ಅದನ್ನು ತಪ್ಪು ಅಂತ ಎಸೆಯಬೇಕಾಗಿಲ್ಲ. ಎಲ್ಲಿಯವರೆಗೆ ನಂಬಬಹುದು ಅಂತ ಅದರ ಪಕ್ಕದಲ್ಲಿ ಬರೆದಿಟ್ಟುಕೊಂಡರೆ ಸಾಕು. ರೋಬಸ್ಟ್ ಕಂಟ್ರೋಲ್‌ನಲ್ಲಿ ಅನಿಶ್ಚಿತತೆಯ ಮಾಡೆಲ್ ಅನ್ನುವುದು ಇದನ್ನೇ. ಮಾಡೆಲ್‌ಗೆ ಹೋಲಿಸಿದರೆ ನಿಜ ಎಷ್ಟು ಪಾಲು ಬೇರೆ ಇದೆ ಅಂತ ಪ್ರತಿ ಫ್ರೀಕ್ವೆನ್ಸಿಗೂ ಒಂದು ಸಂಖ್ಯೆ ಬರೆಯುವುದು:

```
Δ(s) = G(s)/G0(s) − 1
```

ಡಬ್ಬ ಹಿಡಿದ ಸ್ಥಿತಿಗೆ ಈ ಸಂಖ್ಯೆಯನ್ನು ಲೆಕ್ಕ ಹಾಕಿ ನೋಡಿ. 3 ಹರ್ಟ್ಸ್ ಹತ್ತಿರ ತಪ್ಪು ಬರೀ 1%. 10 ಹರ್ಟ್ಸ್‌ನಲ್ಲಿ 10% ಆಗುತ್ತದೆ. 16 ಹರ್ಟ್ಸ್ ದಾಟಿದಾಗ ಮೂರರಲ್ಲಿ ಒಂದು ಪಾಲು. 23 ಹರ್ಟ್ಸ್‌ನಲ್ಲಿ ತಪ್ಪು 100% ಮುಟ್ಟುತ್ತದೆ. ಗಮನಿಸಿ, ರೆಸೊನೆನ್ಸ್ ಇನ್ನೂ 10 ಹರ್ಟ್ಸ್ ದೂರ ಇದೆ, ಅಷ್ಟರಲ್ಲೇ ಮಾಡೆಲ್ ಕೈಬಿಟ್ಟಿದೆ. 32.7ರಲ್ಲಿ |Δ| ಸುಮಾರು 1/(2ζ), ಅಂದರೆ 20 ಪಟ್ಟು. ಆಮೇಲೆ ಇಳಿದು ಇಳಿದು 1ರ ಹತ್ತಿರ ನಿಲ್ಲುತ್ತದೆ, ಅದಕ್ಕಿಂತ ಕೆಳಗೆ ಬರುವುದಿಲ್ಲ. ಯಾಕೆ? ತುಂಬ ವೇಗವಾಗಿ ಅಲ್ಲಾಡಿಸಿದರೆ ಮೋಟರ್ ಪುಲ್ಲಿ ಅಲ್ಲಾಡುತ್ತದೆ, ಕ್ಯಾರೇಜ್ ನಿಂತಲ್ಲೇ ನಿಂತಿರುತ್ತದೆ. ಮಾಡೆಲ್ "ಓಡಿದೆ" ಅನ್ನುತ್ತದೆ, ಸ್ಕೇಲ್ "ಇಲ್ಲ" ಅನ್ನುತ್ತದೆ. ಪೂರ್ತಿ ನೂರಕ್ಕೆ ನೂರು ತಪ್ಪು.

ಈಗ ಥಿಯರಮ್‌ಗೆ ಬರೋಣ. ಇದನ್ನು ಜಾರ್ಜ್ ಝೇಮ್ಸ್ 1966ರಲ್ಲಿ ಐಇಇಇಯ ಆಟೋಮ್ಯಾಟಿಕ್ ಕಂಟ್ರೋಲ್ ಪತ್ರಿಕೆಯಲ್ಲಿ ಎರಡು ಭಾಗದ ಲೇಖನವಾಗಿ ಬರೆದರು. ಹೇಳುವ ಮಾತು ಸರಳ. ಎರಡು ಸ್ಥಿರ ಬ್ಲಾಕ್‌ಗಳು ಒಂದಕ್ಕೊಂದು ಲೂಪ್‌ನಲ್ಲಿ ಕೂತಿವೆ ಅನ್ನಿ. ಎರಡರ ಗೇನ್ ಗುಣಿಸಿದರೆ 1ಕ್ಕಿಂತ ಕಡಿಮೆ ಬಂದರೆ ಲೂಪ್ ಸ್ಥಿರ. ಒಂದು ಸುತ್ತು ಹೋಗಿ ಬಂದ ಸಿಗ್ನಲ್ ಮೊದಲಿಗಿಂತ ಚಿಕ್ಕದಾಗಿದ್ದರೆ ಅದು ಬೆಳೆಯುವುದಕ್ಕೆ ದಾರಿಯೇ ಇಲ್ಲ, ಅಲ್ವಾ? ಫೇಸ್ ಏನೇ ಇರಲಿ.

ಎಲ್ಲರೂ ಸಿಕ್ಕಿಕೊಳ್ಳುವುದು ಆ ಎರಡು ಬ್ಲಾಕ್ ಯಾವುವು ಅನ್ನುವಲ್ಲಿ. ಒಂದು Δ. ಇನ್ನೊಂದು ಕಂಟ್ರೋಲರ್ ಅಲ್ಲ, ಓಪನ್ ಲೂಪ್ ಕೂಡ ಅಲ್ಲ. ನಿಮ್ಮ ಮಷೀನ್ ಪಕ್ಕದಲ್ಲೇ ನಿಂತು ನೋಡೋಣ. ಮೋಟರ್ ಕಡೆಯಿಂದ ನೋಡಿದರೆ ಕ್ಯಾರೇಜ್ ಇರಬೇಕಾದ ಜಾಗ ಒಂದು, ಸ್ಕೇಲ್ ತೋರಿಸುವ ಜಾಗ ಇನ್ನೊಂದು. ಈ ವ್ಯತ್ಯಾಸವನ್ನು d ಅನ್ನೋಣ. ಇದು ಬೆಲ್ಟ್ ಹಿಗ್ಗಿ ಕುಗ್ಗಿದ್ದರಿಂದ ಬಂದದ್ದು. ಸ್ಕೇಲ್ ಇದನ್ನು ಓದುತ್ತದೆ. ಕಂಟ್ರೋಲರ್‌ಗೆ ಇದು ಬೆಲ್ಟ್‌ನ ಆಟ ಅಂತ ಗೊತ್ತಿಲ್ಲ, ನಿಜವಾದ ಪೊಸಿಷನ್ ತಪ್ಪು ಅಂದುಕೊಂಡು ಮೋಟರ್ ಓಡಿಸುತ್ತದೆ. ಲೂಪ್ ಮುಚ್ಚಿರುವುದರಿಂದ ಮೋಟರ್ ಎಷ್ಟು ಓಡುತ್ತದೆ? ಲೆಕ್ಕ ಹಾಕಿದರೆ −T0·d ಬರುತ್ತದೆ. ಇಲ್ಲಿ T0 ಅಂದರೆ ಮಾಡೆಲ್ ಪ್ರಕಾರದ ಕ್ಲೋಸ್ಡ್ ಲೂಪ್, KG0/(1+KG0). ಮೋಟರ್‌ನ ಆ ಓಟವನ್ನು ಬೆಲ್ಟ್ ಮತ್ತೆ Δ ಪಟ್ಟು ತಪ್ಪಾಗಿಸಿ ಹೊಸ d ಹುಟ್ಟಿಸುತ್ತದೆ. ಹಾಗಾಗಿ ಒಂದು ಸುತ್ತಿಗೆ d ಎಷ್ಟು ಪಟ್ಟು ಆಗುತ್ತದೆ ಅಂದರೆ |T0|·|Δ|. ಷರತ್ತು ಇಷ್ಟೇ:

```
|T0(jω)| · |Δ(jω)| < 1   — ಎಲ್ಲಾ ω ಗೂ
```

ನಿಮ್ಮ ಈಗಿನ ಕಂಟ್ರೋಲರ್ ಬರೀ Kp. ಆದ್ದರಿಂದ T0 = Kp/(s+Kp). 32.7 ಹರ್ಟ್ಸ್ ಅಂದರೆ 205 ರೇಡಿಯನ್ ಪ್ರತಿ ಸೆಕೆಂಡ್. Kp 10 ಇದ್ದರೆ ಅಲ್ಲಿ |T0| ಸುಮಾರು 0.05. ಕ್ಯಾರೇಜ್ 1 ಮಿಲಿಮೀಟರ್ ನಡುಗಿದರೆ ಕಂಟ್ರೋಲರ್ ಮೋಟರನ್ನು ಬರೀ 0.05 ಮಿಲಿಮೀಟರ್ ಅಲ್ಲಾಡಿಸುತ್ತದೆ. ಕೇಳಿದರೆ ಏನೂ ಅಲ್ಲ ಅನ್ನಿಸುತ್ತದೆ. ಆದರೆ ಬೆಲ್ಟ್ ಅದನ್ನು 20 ಪಟ್ಟು ಮಾಡುತ್ತದೆ. ಮತ್ತೆ 1 ಮಿಲಿಮೀಟರ್. ಸರಿಯಾಗಿ ಗಡಿಯ ಮೇಲೆ ನಿಂತಿದ್ದೀರಿ. ಗೇನ್ ಇನ್ನೊಂಚೂರು ಏರಿಸಿದರೆ ಪ್ರತಿ ಸುತ್ತಿಗೂ ನಡುಕ ಬೆಳೆಯುತ್ತದೆ.

ಬೀಜಗಣಿತ ಬಿಡಿಸಿದರೆ ಷರತ್ತು Kp < 2ζωr ಅಂತ ಬರುತ್ತದೆ. ಡಬ್ಬ ಹಿಡಿದಾಗ 2 × 0.025 × 205 = 10.3. ಖಾಲಿ ಇದ್ದಾಗ ωr 251, ಹಾಗಾಗಿ 12.6. ನೀವು ಮಷೀನ್ ಮೇಲೆ ಕಂಡ 10 ಮತ್ತು 12 ಇವೇ. ಇನ್ನೊಂದು ವಿಷಯ. ಪೂರ್ತಿ ಪ್ಲಾಂಟ್ ತೆಗೆದುಕೊಂಡು ರೌತ್ ಟೇಬಲ್ ಹಾಕಿದರೂ ಇದೇ 2ζωr ಬರುತ್ತದೆ. ಸ್ಮಾಲ್ ಗೇನ್ ಅಂದರೆ ಸುಮ್ನೆ ಅತಿಯಾಗಿ ಹೆದರಿಸುವ ಲೆಕ್ಕ ಅನ್ನುವವರು ಇದ್ದಾರೆ. ನಿಮ್ಮ ಬರೀ-Kp ಲೂಪ್‌ನಲ್ಲಿ ಅದು ಕೂದಲೆಳೆಯಷ್ಟೂ ಅತಿ ಮಾಡಿಲ್ಲ. ಕಾರಣ, ಇಂಟಿಗ್ರೇಟರ್‌ನ 90 ಡಿಗ್ರಿ, ರೆಸೊನೆನ್ಸ್‌ನ 90 ಡಿಗ್ರಿ, ಎರಡೂ ಸೇರಿ ರೆಸೊನೆನ್ಸ್ ಮೇಲೆಯೇ ಸರಿಯಾಗಿ 180 ಆಗುತ್ತದೆ. ಅತಿ ಕೆಟ್ಟ ಫೇಸ್ ಏನಿರಬಹುದೋ ಅದೇ ನಿಮಗೆ ಸಿಕ್ಕಿದೆ.

ಸಿಮ್ಯುಲೇಶನ್ ಯಾಕೆ ಸುಮ್ಮನಿತ್ತು ಅನ್ನುವುದೂ ಇಲ್ಲೇ ಇದೆ. Kp/s ಲೂಪ್‌ಗೆ ಫೇಸ್ ಮಾರ್ಜಿನ್ 90 ಡಿಗ್ರಿ, ಗೇನ್ ಮಾರ್ಜಿನ್ ಅನಂತ. ಆ ಮಾರ್ಜಿನ್‌ಗಳು ಸುಳ್ಳಲ್ಲ. ಅವು 23 ಹರ್ಟ್ಸ್ ಆಚೆಗೆ ಏನೂ ಗೊತ್ತಿಲ್ಲದ ಮಾಡೆಲ್‌ನ ಮಾರ್ಜಿನ್‌ಗಳು, ಅಷ್ಟೇ.

ನಾಚ್ ಬಗ್ಗೆ ಎರಡು ಮಾತು. ನಾನೇ ಇದರಲ್ಲಿ ಒಮ್ಮೆ ಬಿದ್ದಿದ್ದೇನೆ. ಚಾಕಣ ಕಡೆಯ ಒಂದು ಪ್ಲಾಂಟ್‌ನಲ್ಲಿ ಇದೇ ಥರದ ಬೆಲ್ಟ್ ಆಕ್ಸಿಸ್. ಕಮಿಷನಿಂಗ್ ದಿನ ಪಾರ್ಟ್‌ಗಳು ಬಂದಿರಲಿಲ್ಲ. ಖಾಲಿ ಗ್ರಿಪ್ಪರ್ ಓಡಿಸಿ, ರೆಸೊನೆನ್ಸ್ ಹುಡುಕಿ, ಸಣ್ಣ ಅಗಲದ ನಾಚ್ ಹಾಕಿ, ಗೇನ್ ಏರಿಸಿ ಮನೆಗೆ ಬಂದೆ. ಎರಡು ದಿನಕ್ಕೆ ಫೋನ್ ಬಂತು. ಹೋಗಿ ನೋಡಿದರೆ ಪಾರ್ಟ್ ಹಿಡಿದಾಗಲೆಲ್ಲ ಇಡೀ ಫ್ರೇಮ್ ನಡುಗುತ್ತಿತ್ತು. ಅಲ್ಲಿ ಮೆಂಟೆನೆನ್ಸ್‌ಗೆ ವಿಜಯಪುರ ಕಡೆಯ ಒಬ್ಬ ಹಿರಿಯ ಫಿಟ್ಟರ್ ಇದ್ದರು. ಮೋಟರ್ ಬ್ರಾಕೆಟ್ ಮೇಲೆ ಕೈ ಇಟ್ಟುಕೊಂಡು ಹೇಳಿದರು: "ಸರ್ರ, ಮಾಲು ಹಿಡಿದಾಗ ದನಿ ದಪ್ಪ ಆಗ್ತೈತ್ರಿ, ಖಾಲಿ ಇದ್ದಾಗ ಸಣ್ಣ ಇರ್ತೈತಿ." ತೂಕ ಏರಿದಾಗ ರೆಸೊನೆನ್ಸ್ ಕೆಳಗೆ ಸರಿಯುತ್ತದೆ ಅನ್ನುವುದನ್ನು ಅವರು ಕೈಯಲ್ಲೇ ಹಿಡಿದಿದ್ದರು. ನಾನು ಅದನ್ನು ಅಳೆಯದೇ ಬಿಟ್ಟಿದ್ದೆ. ನನ್ನ ನಾಚ್ ಒಂದು ಕಡೆ, ರೆಸೊನೆನ್ಸ್ ಇನ್ನೊಂದು ಕಡೆ.

ನಿಮ್ಮಲ್ಲೂ ಅದೇ ಆಗಿದೆ. 40ರಲ್ಲಿ ಆಳವಾಗಿ ಕೊರೆದ ನಾಚ್ 32.7ರಲ್ಲಿ ಅಷ್ಟೇನೂ ತಗ್ಗಿಸುವುದಿಲ್ಲ. ನಾಚ್ ಇದೆ ಅನ್ನುವ ಧೈರ್ಯದಲ್ಲಿ ನೀವು ಗೇನ್ 20 ಇಟ್ಟಿದ್ದೀರಿ. ನಾಚ್ ಇಲ್ಲದೆ ನೋಡಿದರೆ ಡಬ್ಬ ಹಿಡಿದಾಗ ಅದು ಗಡಿಯ ಎರಡು ಪಟ್ಟು. ಜೊತೆಗೆ ನಾಚ್ ತನ್ನ ಕೆಳಗಿನ ಫ್ರೀಕ್ವೆನ್ಸಿಗಳಲ್ಲಿ ಫೇಸ್ ಲ್ಯಾಗ್ ಕೂಡ ಸೇರಿಸುತ್ತದೆ. ಡಬ್ಬದ ತೂಕ ದಿನಕ್ಕೊಂದು ಥರ ಇರುವ ಕಡೆ ಕಿರಿದಾದ ನಾಚ್ ಮೇಲೆ ನಂಬಿಕೆ ಇಡಬೇಡಿ. ತೂಕ ಬದಲಾಗದ ಮಷೀನ್ ಆಗಿದ್ದರೆ ನಾನೂ ನಾಚ್ ಹಾಕುತ್ತಿದ್ದೆ.

ಹಾಗಾದರೆ ಏನು ಮಾಡುವುದು? ಷರತ್ತನ್ನೇ ಇನ್ನೊಮ್ಮೆ ಓದಿ. Δ ನಿಮ್ಮ ಕೈಯಲ್ಲಿಲ್ಲ, ಬೆಲ್ಟ್ ಮತ್ತು ಡಬ್ಬ ಅದನ್ನು ತೀರ್ಮಾನಿಸುತ್ತವೆ. ನಿಮ್ಮ ಕೈಯಲ್ಲಿರುವುದು T0. Δ ಸಣ್ಣದಿರುವ ಕಡೆ, ಅಂದರೆ ಕೆಲವು ಹರ್ಟ್ಸ್ ತನಕ, T0 ಧಾರಾಳವಾಗಿ 1ರ ಹತ್ತಿರ ಇರಲಿ. ಅಲ್ಲೇ ಮಷೀನ್ ಕೆಲಸ ಮಾಡುವುದು. 23 ಹರ್ಟ್ಸ್ ಆಚೆ T0 ಕಡ್ಡಾಯವಾಗಿ 1ಕ್ಕಿಂತ ಕೆಳಗೆ. 32ರಿಂದ 40ರ ನಡುವೆ ಅದು 1/20ಕ್ಕಿಂತ ಕೆಳಗೆ. ಬರೀ Kp ಇದ್ದರೆ T0 ಮೆಲ್ಲಗೆ ಇಳಿಯುತ್ತದೆ, ಫ್ರೀಕ್ವೆನ್ಸಿ ಹತ್ತು ಪಟ್ಟಾದರೆ ಹತ್ತನೇ ಒಂದು. ಅದನ್ನು ಕಡಿದಾಗಿ ಇಳಿಸಬೇಕು. ಅದಕ್ಕೆ ಒಂದು ಸಾದಾ ಲೋ-ಪಾಸ್ ಫಿಲ್ಟರ್ ಸಾಕು:

```
K(s)  = Kp / (1 + τs)
T0(s) = Kp / (τs² + s + Kp)
```

Kp·τ = 0.5 ಇಟ್ಟರೆ T0ಗೆ 0.707 ಡ್ಯಾಂಪಿಂಗ್ ಬರುತ್ತದೆ, ಎಲ್ಲೂ ಉಬ್ಬು ಇಲ್ಲ. ಇಳಿಜಾರು ಈಗ ಹತ್ತು ಪಟ್ಟಿಗೆ ನೂರನೇ ಒಂದು.

ಎಷ್ಟು ಮಾರ್ಜಿನ್ ಇಡಬೇಕು? ಗುಣಲಬ್ಧ 1 ಅಂದರೆ ಗಡಿ. ನಾನು 0.5 ಇಡುತ್ತೇನೆ, ಅದಕ್ಕೆ ಕಾರಣವಿದೆ. ಇಡೀ ಲೆಕ್ಕದಲ್ಲಿ ಎಲ್ಲಕ್ಕಿಂತ ಕಡಿಮೆ ನಂಬಬೇಕಾದ ಸಂಖ್ಯೆ ಡ್ಯಾಂಪಿಂಗ್. ಗ್ರೀಸ್ ಬದಲಾದರೆ, ಬೆಲ್ಟ್ ಬಿಗಿ ಮಾಡಿದರೆ, ಹೊಸ ಬೇರಿಂಗ್ ಹಾಕಿದರೆ ಅದು ಬದಲಾಗಬಹುದು. 0.5 ಇಟ್ಟರೆ ಡ್ಯಾಂಪಿಂಗ್ 0.025ರಿಂದ 0.0125ಕ್ಕೆ ಇಳಿಯುವ ತನಕ ಲೂಪ್ ತಡೆಯುತ್ತದೆ.

ಅಂದರೆ 32.7 ಹರ್ಟ್ಸ್‌ನಲ್ಲಿ |T0| 1/40 ಇರಬೇಕು. ಲೆಕ್ಕ ಬಿಡಿಸಿದರೆ Kp = 22.9, τ = 21.8 ಮಿಲಿಸೆಕೆಂಡ್. ಫಿಲ್ಟರ್ ಇಲ್ಲದೆ ಇದೇ 0.5 ಮಾರ್ಜಿನ್ ಬೇಕು ಅಂದರೆ Kp 5.1ಕ್ಕೆ ಇಳಿಸಬೇಕಿತ್ತು. ಬ್ಯಾಂಡ್‌ವಿಡ್ತ್ 0.8 ಹರ್ಟ್ಸ್‌ನಿಂದ 5.2 ಹರ್ಟ್ಸ್‌ಗೆ ಏರಿತು, ಸುರಕ್ಷತೆ ಅಷ್ಟೇ ಇದೆ. ಮಷೀನ್ ಟೂಲ್‌ನವರ ಲೆಕ್ಕದಲ್ಲಿ Kv 1 ಅಂದರೆ ಮಿಲಿಮೀಟರ್‌ಗೆ ನಿಮಿಷಕ್ಕೆ 1 ಮೀಟರ್, ಅದು ನಮ್ಮ ಲೆಕ್ಕದಲ್ಲಿ 16.7. ಹಾಗಾಗಿ ನೀವು Kv 0.3ರಿಂದ ಸುಮಾರು 1.4ಕ್ಕೆ ಬಂದಿರಿ.

"ಫಿಲ್ಟರ್ ಹಾಕಿದರೆ ಫೇಸ್ ಹೋಗುತ್ತದಲ್ಲ" ಅಂತ ನೀವು ಕೇಳಬಹುದು. ಹೋಗುತ್ತದೆ. ಫೇಸ್ ಮಾರ್ಜಿನ್ 90ರಿಂದ 65 ಡಿಗ್ರಿಗೆ ಇಳಿಯುತ್ತದೆ. 65 ಸಾಕಷ್ಟು. ನಂಬಬಹುದಾದ ಫ್ರೀಕ್ವೆನ್ಸಿಯಲ್ಲಿ ಸ್ವಲ್ಪ ಫೇಸ್ ಕೊಟ್ಟು, ನಂಬಲಾಗದ ಫ್ರೀಕ್ವೆನ್ಸಿಯಲ್ಲಿ ಗೇನ್ ಇಳಿಸಿಕೊಂಡೆವು. ಈ ಮಷೀನ್‌ಗೆ ಇದು ಲಾಭದ ವ್ಯವಹಾರ.

ಇದನ್ನು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡಿಸಿ ನೋಡಿ:

```python
import numpy as np
f = np.arange(1, 150, 0.05)
s = 2j*np.pi*f
Kp, tau = 22.9, 0.0218
T0 = Kp/(tau*s**2 + s + Kp)
for fr in (32.7, 36.0, 40.0):
    wr, z = 2*np.pi*fr, 0.025
    D = wr**2/(s**2 + 2*z*wr*s + wr**2) - 1
    p = abs(T0*D)
    print(fr, round(p.max(), 2), round(f[p.argmax()], 1))
```

32.7ಕ್ಕೆ 0.50, 36ಕ್ಕೆ 0.41, 40ಕ್ಕೆ 0.33 ಬರುತ್ತದೆ. ಡಬ್ಬ ಹಗುರಾದಷ್ಟೂ ಸುರಕ್ಷತೆ ಜಾಸ್ತಿ, ಯಾಕೆಂದರೆ ರೆಸೊನೆನ್ಸ್ ಮೇಲೆ ಸರಿದಷ್ಟೂ T0 ಇನ್ನೂ ಕೆಳಗಿರುತ್ತದೆ. ಆದ್ದರಿಂದ ಲೆಕ್ಕ ಯಾವಾಗಲೂ ಅತಿ ಭಾರದ ಡಬ್ಬಕ್ಕೆ ಮಾಡಿ. ನನ್ನ ಚಾಕಣದ ತಪ್ಪು ಇದಕ್ಕೆ ಸರಿಯಾಗಿ ಉಲ್ಟಾ ಇತ್ತು.

ಈ ಕೋಡ್‌ನಲ್ಲಿ D ಒಂದು ಸೂತ್ರ. ಮುಂದಿನ ಹೆಜ್ಜೆಯಲ್ಲಿ ಅದರ ಜಾಗದಲ್ಲಿ ಅಳತೆಯ ಡೇಟಾ ಹಾಕಿ. ತಟ್ಟಿದ ಲಾಗ್ ಒಂದೇ ಒಂದು ರೆಸೊನೆನ್ಸ್ ತೋರಿಸಿದೆ. ಫ್ರೇಮ್‌ಗೆ ಅದರದ್ದೇ ಆದ ಇನ್ನೊಂದು ಇರಬಹುದು, ಡ್ರೈವ್‌ನ ಸ್ಪೀಡ್ ಲೂಪ್‌ಗೆ ತನ್ನದೇ ತಡ ಇರುತ್ತದೆ. ಅಳೆಯುವುದು ಹೀಗೆ. ಕಡಿಮೆ ಗೇನ್‌ನಲ್ಲಿ ಲೂಪ್ ಮುಚ್ಚಿಡಿ, Kp 2 ಅಥವಾ 3 ಸಾಕು, ಕ್ಯಾರೇಜ್ ಸರಿದು ಹೋಗಬಾರದು ಅಷ್ಟೇ. ಸ್ಪೀಡ್ ಕಮಾಂಡ್‌ಗೆ ಸಣ್ಣ ಸೈನ್ ಸೇರಿಸಿ. ಡ್ರೈವ್‌ಗೆ ನಿಜವಾಗಿ ಹೋದ ಕಮಾಂಡ್ ಮತ್ತು ಸ್ಕೇಲ್ ಎರಡನ್ನೂ ಲಾಗ್ ಮಾಡಿ. ಅವೆರಡರ ಅನುಪಾತವೇ ಆ ಫ್ರೀಕ್ವೆನ್ಸಿಯ G. ಅದನ್ನು jω ಇಂದ ಗುಣಿಸಿ 1 ಕಳೆದರೆ Δ ಬಂತು.

ಇಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ. ನಿಮ್ಮ ರೆಸೊನೆನ್ಸ್‌ನ ಶಿಖರ ತುಂಬ ಸಪೂರ. ಅದರ ಅಗಲ ಸುಮಾರು 2ζ·fr, ಅಂದರೆ 1.6 ಹರ್ಟ್ಸ್. 2 ಹರ್ಟ್ಸ್ ಹೆಜ್ಜೆಯಲ್ಲಿ ಅಳೆದರೆ ಶಿಖರದ ಎಡಕ್ಕೊಂದು ಬಲಕ್ಕೊಂದು ಚುಕ್ಕೆ ಬಿದ್ದು, 20 ಇರುವ ಕಡೆ ನಿಮಗೆ 12 ಅಥವಾ 13 ಕಾಣಬಹುದು. 28ರಿಂದ 44ರ ತನಕ 0.2 ಹರ್ಟ್ಸ್ ಹೆಜ್ಜೆ ಇಡಿ. ಎರಡನೆಯದು, ಪ್ರತಿ ಹೆಜ್ಜೆಯಲ್ಲೂ ಕಾಯಬೇಕು. ಈ ನಡುಕ ತುಂಬಿಕೊಳ್ಳುವ ಟೈಮ್ ಕಾನ್ಸ್ಟಂಟ್ 1/(ζωr), ಸುಮಾರು 0.2 ಸೆಕೆಂಡ್. ಫ್ರೀಕ್ವೆನ್ಸಿ ಬದಲಿಸಿ 1 ಸೆಕೆಂಡ್ ಬಿಟ್ಟು ಆಮೇಲೆ ಲಾಗ್ ಶುರು ಮಾಡಿ. ಸರ್ರನೆ ಓಡುವ ಸ್ವೀಪ್ ಹಾಕಿದರೆ ಶಿಖರ ಪೂರ್ತಿ ಎದ್ದಿರುವುದೇ ಇಲ್ಲ. ಎರಡೂ ತಪ್ಪುಗಳು ಒಂದೇ ಕಡೆಗೆ ವಾಲುತ್ತವೆ, Δ ಚಿಕ್ಕದು ಅಂತ ನಂಬಿಸುತ್ತವೆ.

ಖಾಲಿ, ಅರ್ಧ, ಪೂರ್ತಿ ತೂಕ ಇಟ್ಟು, ಕ್ಯಾರೇಜನ್ನು ಮೋಟರ್ ಹತ್ತಿರ, ನಡುವೆ, ದೂರ ಇಟ್ಟು ಅಳೆಯಿರಿ. ಬೆಲ್ಟ್‌ನ ಉದ್ದ ಬದಲಾದರೆ ಅದರ ಬಿಗುವೂ ಬದಲಾಗುತ್ತದೆ, ಹಾಗಾಗಿ ಜಾಗವೂ ಲೆಕ್ಕಕ್ಕೆ ಬರುತ್ತದೆ. ಒಂಬತ್ತು ಗೆರೆ ಸಿಗುತ್ತವೆ. ಎಲ್ಲದರ ಮೇಲೆ ಒಂದು ಹೊದಿಕೆ ಎಳೆಯಿರಿ, ಯಾವ ಗೆರೆಯೂ ಅದರ ಮೇಲೆ ತಲೆ ಎತ್ತಬಾರದು. ಪುಸ್ತಕದಲ್ಲಿ W(s) ಅಂತ ಬರೆಯುವ ವೇಯ್ಟ್ ಇದೇ. ಶಿಖರ 32ರಿಂದ 40ರ ತನಕ ಓಡಾಡುವುದರಿಂದ ಹೊದಿಕೆ ಅಲ್ಲಿ ಚೂಪು ಶಿಖರವಲ್ಲ, 20ರ ಎತ್ತರದ ಅಗಲ ಗೋಡೆ. ನೀವು ಪರೀಕ್ಷಿಸಬೇಕಾದದ್ದು ಆಗ |W|·|T0| < 1. ಇದಕ್ಕೆ ಹೆಚ್-ಇನ್ಫಿನಿಟಿ ಸಾಫ್ಟ್‌ವೇರ್ ಬೇಕೇಬೇಕು ಅಂತಿಲ್ಲ. ಒಂದೇ ಇನ್‌ಪುಟ್, ಒಂದೇ ಔಟ್‌ಪುಟ್ ಇರುವ ನಿಮ್ಮಂಥ ಆಕ್ಸಿಸ್‌ಗೆ ಎರಡು ಗೆರೆ ಎಳೆದು ಕಣ್ಣಲ್ಲಿ ನೋಡಿದರೆ ಸಾಕು.

ಥಿಯರಮ್‌ನ ಒಂದು ಷರತ್ತನ್ನು ಜನ ಮರೆಯುತ್ತಾರೆ. Δ ತಾನಾಗಿಯೇ ಸ್ಥಿರವಾಗಿರಬೇಕು. ನಿಮ್ಮಲ್ಲಿ ಇದು ಸರಿಯಿದೆ. G ಮತ್ತು G0 ಎರಡರಲ್ಲೂ ಅದೇ ಒಂದು ಇಂಟಿಗ್ರೇಟರ್ ಇದೆ, ಭಾಗಿಸಿದಾಗ ಅದು ಹೊರಟುಹೋಗುತ್ತದೆ, ಉಳಿಯುವುದು ಡ್ಯಾಂಪಿಂಗ್ ಇರುವ ಬೆಲ್ಟ್ ಮಾತ್ರ. ಸ್ಪೀಡ್ ಕಮಾಂಡ್‌ನಿಂದ ಪೊಸಿಷನ್‌ಗೆ ಇರುವ ಇಂಟಿಗ್ರೇಟರ್ ಲೆಕ್ಕಾಚಾರದ ಊಹೆ ಅಲ್ಲ, ವೇಗ ಕೂಡಿದರೆ ದೂರ ಅನ್ನುವ ಸತ್ಯ. ಹಾಗಾಗಿ ಅದರ ಮೇಲೆ ಧೈರ್ಯವಾಗಿ ನಿಲ್ಲಬಹುದು.

ಈಗ ಈ ದಾರಿಯ ಕೊರತೆಯನ್ನೂ ಹೇಳಬೇಕು. ಫಿಲ್ಟರ್ ಹಾಕಿದ ಮೇಲೆ ಸ್ಮಾಲ್ ಗೇನ್ ಲೆಕ್ಕ ನಿಜಕ್ಕಿಂತ ಬಿಗಿಯಾಗುತ್ತದೆ. ರೆಸೊನೆನ್ಸ್ ಮೇಲೆ ಲೂಪ್‌ನ ಫೇಸ್ ಈಗ −180 ಅಲ್ಲ, ಸುಮಾರು −257 ಡಿಗ್ರಿ. ಅಲ್ಲಿ ಗೇನ್ 1 ದಾಟಿದರೂ ಲೂಪ್ ಬೀಳುವುದಿಲ್ಲ. ನೈಕ್ವಿಸ್ಟ್ ಹಾಕಿ ನೋಡಿದರೆ ಇದೇ τ ಇಟ್ಟುಕೊಂಡು Kpಯನ್ನು ಇನ್ನೂ ಆರು ಪಟ್ಟು ಏರಿಸುವ ತನಕ ಸ್ಥಿರತೆ ಹೋಗುವುದಿಲ್ಲ. ಸ್ಮಾಲ್ ಗೇನ್‌ಗೆ ಫೇಸ್ ಕಾಣುವುದಿಲ್ಲ, ಅದಕ್ಕೆ ತೆರುವ ಬೆಲೆ ಇದು. ಫೇಸ್ ನಂಬಿ ಗೇನ್ ಏರಿಸುವವರೂ ಇದ್ದಾರೆ, ಡಿಸ್ಕ್ ಡ್ರೈವ್‌ನಂಥ ಕಡೆ ಅದು ಸರಿಯೇ. ನಿಮ್ಮಲ್ಲಿ ನಾನು ಹಾಗೆ ಮಾಡುವುದಿಲ್ಲ. ರೆಸೊನೆನ್ಸ್ ದಾಟುವಾಗ ಫೇಸ್ ಕೆಲವೇ ಹರ್ಟ್ಸ್‌ನಲ್ಲಿ 180 ಡಿಗ್ರಿ ತಿರುಗುತ್ತದೆ, ಡಬ್ಬದ ತೂಕ ಆ ಜಾಗವನ್ನೇ 7 ಹರ್ಟ್ಸ್ ಆಚೀಚೆ ಸರಿಸುತ್ತದೆ. ಜೊತೆಗೆ ಗೇನ್ ಏರಿಸಿದರೆ 5 ಹರ್ಟ್ಸ್ ಹತ್ತಿರದ ಡ್ಯಾಂಪಿಂಗ್ ಕೂಡ ಹಾಳಾಗುತ್ತದೆ, ಸ್ಥಿರ ಅಂದ ಮಾತ್ರಕ್ಕೆ ಓಡಿಸುವಂತಿರುವುದಿಲ್ಲ.

5.2 ಹರ್ಟ್ಸ್ ಬ್ಯಾಂಡ್‌ವಿಡ್ತ್ ಪ್ಯಾಕಿಂಗ್‌ಗೆ ಸಾಲದು ಅನ್ನಿಸಿದರೆ ಲೂಪನ್ನು ಹಿಂಡಬೇಡಿ, ಸ್ಪೀಡ್ ಫೀಡ್‌ಫಾರ್ವರ್ಡ್ ಹಾಕಿ. ಸೆಕೆಂಡಿಗೆ 1 ಮೀಟರ್ ಓಡುವಾಗ ಬರೀ ಲೂಪ್ ಮೇಲೆ ಬಿಟ್ಟರೆ ಹಿಂದೆ ಬೀಳುವ ದೂರ v/Kp, ಅಂದರೆ 44 ಮಿಲಿಮೀಟರ್. ಪ್ರೊಫೈಲ್‌ನ ವೇಗವನ್ನು ನೇರವಾಗಿ ಸ್ಪೀಡ್ ಕಮಾಂಡ್‌ಗೆ ಸೇರಿಸಿದರೆ ಸಮವೇಗದಲ್ಲಿ ಇದು ಹೆಚ್ಚುಕಡಿಮೆ ಪೂರ್ತಿ ಹೋಗುತ್ತದೆ. ಫೀಡ್‌ಫಾರ್ವರ್ಡ್ ಲೂಪ್ ಒಳಗಿಲ್ಲ, ಅದು T0ಯನ್ನೂ Δಯನ್ನೂ ಮುಟ್ಟುವುದಿಲ್ಲ, ಸ್ಥಿರತೆಗೆ ತೊಂದರೆ ಇಲ್ಲ. ಆದರೆ ಪ್ರೊಫೈಲ್ ಎಸ್-ಕರ್ವ್ ಇರಲಿ. ಚೌಕ ಅಂಚಿನ ವೇಗವರ್ಧನೆ ಕೊಟ್ಟರೆ ಕ್ಯಾರೇಜ್ ನಿಂತ ಮೇಲೆ ಬೆಲ್ಟ್ 32 ಹರ್ಟ್ಸ್‌ನಲ್ಲಿ ಒಂದಷ್ಟು ಹೊತ್ತು ತೂಗಾಡುತ್ತದೆ. ಆ ತೂಗಾಟ ತಾನಾಗಿ ಇಳಿಯುತ್ತದೆ. ಅದನ್ನು ಲೂಪ್ ಅಸ್ಥಿರವಾಗಿದೆ ಅಂತ ತಪ್ಪು ತಿಳಿಯಬೇಡಿ.

ಬೇರೆ ಬೇರೆ ನಡುಕಗಳನ್ನು ಗುರುತಿಸುವ ಬಗೆ ಗೊತ್ತಿರಲಿ. ಲಾಗ್‌ನಲ್ಲಿ ಅಲೆ 32ರಿಂದ 40ರ ನಡುವೆ ಇದ್ದು ಪ್ರತಿ ಸುತ್ತಿಗೂ ಒಂದೇ ಅನುಪಾತದಲ್ಲಿ ಬೆಳೆಯುತ್ತಿದ್ದರೆ ಅದು ಈ ಕಥೆ, ಗುಣಲಬ್ಧ 1 ದಾಟಿದೆ. ಅಲೆ 5 ಹರ್ಟ್ಸ್ ಸುತ್ತ ಇದ್ದರೆ Kp·τ ಜಾಸ್ತಿ ಆಗಿದೆ, ಅಥವಾ ಲೂಪ್‌ನಲ್ಲಿ ನೀವು ಲೆಕ್ಕಕ್ಕೆ ಹಿಡಿಯದ ತಡ ಇದೆ. ಅಲೆ ಬೆಳೆಯದೆ ಒಂದೇ ಸಣ್ಣ ಎತ್ತರದಲ್ಲಿ ನಿಂತು ಗಂಟೆಗಟ್ಟಲೆ ಹಾಗೇ ಇದ್ದರೆ ಸಡಿಲ ಪುಲ್ಲಿ ಕೀ ಅಥವಾ ಬೆಲ್ಟ್ ಹಲ್ಲಿನ ಆಟ ನೋಡಿ. ಅದಕ್ಕೆ ಗೇನ್‌ನಲ್ಲಿ ಔಷಧಿ ಇಲ್ಲ, ಸ್ಪ್ಯಾನರ್ ಹಿಡಿಯಬೇಕು.

ಈಗ ನಾಚ್ ತೆಗೆಯಿರಿ, Kp 22.9, τ 21.8 ಮಿಲಿಸೆಕೆಂಡ್ ಹಾಕಿ, 6 ಕೆಜಿ ಡಬ್ಬದೊಂದಿಗೆ ಓಡಿಸಿ. ಆಮೇಲೆ 10 ಕೆಜಿಯ ಡಬ್ಬ ಹಿಡಿಸಿ. ರೆಸೊನೆನ್ಸ್ 29.5 ಹರ್ಟ್ಸ್‌ಗೆ ಇಳಿಯಬೇಕು, ಗುಣಲಬ್ಧ 0.61 ಆಗಬೇಕು, ಲೂಪ್ ಶಾಂತವಾಗಿರಬೇಕು. ಡ್ಯಾಂಪಿಂಗ್ ಹೀಗೇ ಇದ್ದರೆ ಗುಣಲಬ್ಧ 1 ಮುಟ್ಟುವುದು ರೆಸೊನೆನ್ಸ್ 23 ಹರ್ಟ್ಸ್‌ಗೆ ಇಳಿದಾಗ, ಅಂದರೆ ಡಬ್ಬ 24 ಕೆಜಿ ಆದಾಗ. ನಿಮ್ಮ ಗ್ರಿಪ್ಪರ್ ಅಷ್ಟು ಎತ್ತುತ್ತದೆಯೇ ಅಂತ ಬರೆದಿಲ್ಲ. ಎತ್ತುತ್ತದೆ ಅಂತಾದರೆ Kp ಅದಕ್ಕೆ ತಕ್ಕಂತೆ ಇಳಿಸಿ, τ ಆಗ 0.5/Kp. ಒಂಬತ್ತು ಅಳತೆಯ ಫೈಲ್‌ಗಳು ಸಿದ್ಧವಾದಾಗ ಕಳಿಸಿ, ಹೊದಿಕೆಯ ಗೆರೆ ಎಲ್ಲಿ ಬೀಳುತ್ತದೆ ಅಂತ ಒಟ್ಟಿಗೆ ನೋಡೋಣ.